ನೋಟೀಸಿನ ಹಿಂದೆ ಜವಾಬು, ಜವಾಬಿನ ಹಿಂದೆ ಸ್ವೀಕೃತಿ

ನಾನು ಓದಿದ್ದು ಏಳನೇ ಕ್ಲಾಸು. ಚಿತ್ರದುರ್ಗ ಜಿಲ್ಲೆಯಲ್ಲಿ ಹನ್ನೆರಡು ಎಕರೆ ಖುಷ್ಕಿ ಹೊಲ ಇದೆ. ಶೇಂಗಾ, ಮಳೆಯಾಶ್ರಿತ ಈರುಳ್ಳಿ ಬೆಳೀತೀನಿ. ಜೊತೆಗೆ ಒಂದಿಷ್ಟು ಕುರಿ. ಇಂಥವನಿಗೂ ಆದಾಯ ತೆರಿಗೆಗೂ ಏನು ಸಂಬಂಧ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ನಾಲ್ಕು ವರ್ಷ ಆ ತಕರಾರಿನಲ್ಲಿ ತಿರುಗಿದ ಮೇಲೆ ಕಲಿತದ್ದನ್ನು ಬರೀತಿದ್ದೀನಿ. ತೆರಿಗೆ ಕಾನೂನು ಹೇಳಿಕೊಡುವಷ್ಟು ನಾನು ತಿಳಿದವನಲ್ಲ. ಕಾಗದಗಳನ್ನು ತಾರೀಖಿನ ಪ್ರಕಾರ ಹೇಗೆ ಇಟ್ಟುಕೊಂಡೆ, ಇಟ್ಟುಕೊಳ್ಳದಿದ್ದಾಗ ಏನಾಯ್ತು, ಇಷ್ಟನ್ನು ಮಾತ್ರ ಹೇಳಬಲ್ಲೆ.

ತಕರಾರು ಹುಟ್ಟಿದ್ದು ಹೇಗೆ

2017ರ ಏಪ್ರಿಲಿನಿಂದ 2018ರ ಮಾರ್ಚಿವರೆಗೆ ನನ್ನ ಉಳಿತಾಯ ಖಾತೆಗೆ ನಗದಾಗಿ ಕಟ್ಟಿದ್ದು ಒಟ್ಟು 11,40,000 ರೂಪಾಯಿ. ಉಳಿತಾಯ ಖಾತೆಗೆ ಒಂದು ವರ್ಷದಲ್ಲಿ ಹತ್ತು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಬಿದ್ದರೆ ಬ್ಯಾಂಕಿನವರು ಅದನ್ನು ತೆರಿಗೆ ಇಲಾಖೆಗೆ ತಿಳಿಸಬೇಕು ಅನ್ನೋದು ನಿಯಮ. ಅದು ನನಗೆ ಗೊತ್ತಿರಲಿಲ್ಲ. ರಿಟರ್ನ್ ಹಾಕಿದವನೂ ನಾನಲ್ಲ. ಕಂಪ್ಯೂಟರಿನಲ್ಲಿ ಒಂದು ಕಡೆ ಹಣ ಇದೆ, ಇನ್ನೊಂದು ಕಡೆ ರಿಟರ್ನ್ ಇಲ್ಲ. ನೋಟೀಸು ಹೊರಡಲಿಕ್ಕೆ ಅಷ್ಟು ಸಾಕು.

ಆ ಹಣ ಎಲ್ಲಿಂದ ಬಂತು ಅಂದರೆ, ಈರುಳ್ಳಿ ಐದು ಲೋಡು ಯಶವಂತಪುರದ ಮಂಡಿಗೆ ಹಾಕಿದ್ದು 4,86,000. ಶೇಂಗಾ ಮೂರು ಸಲ ಮಾರಿದ್ದು 2,34,000. ಬೋರ್ ಕೊರೆಸಬೇಕು ಅಂತ ಅದೇ ಖಾತೆಯಿಂದ ತೆಗೆದು, ಆ ಕೆಲಸ ಮುಂದಕ್ಕೆ ಹೋದದ್ದರಿಂದ ವಾಪಸು ಕಟ್ಟಿದ್ದು 3,00,000. ಕುರಿ ಮಾರಿದ್ದು 1,20,000. ಒಂದು ರೂಪಾಯಿಯೂ ಕಳ್ಳ ಹಣ ಅಲ್ಲ. ಆದರೆ ‘ಕಳ್ಳ ಹಣ ಅಲ್ಲ’ ಅಂತ ಬಾಯಲ್ಲಿ ಹೇಳೋದಕ್ಕೂ ತೋರಿಸೋದಕ್ಕೂ ನಡುವೆ ಬಹಳ ದೂರ ಇದೆ.

ಮೊದಲ ಎರಡು ತಪ್ಪು

ಮೊದಲ ನೋಟೀಸು 14-3-2022ರದ್ದು. 30-3-2022ಕ್ಕೆ ಇನ್ನೊಂದು. ಎರಡೂ ನನ್ನ ಕಣ್ಣಿಗೇ ಬೀಳಲಿಲ್ಲ. ಪ್ಯಾನ್ ಕಾರ್ಡು ಮಾಡಿಸುವಾಗ ಸೈಬರ್ ಅಂಗಡಿಯ ಹುಡುಗ ತನ್ನದೇ ಈ-ಮೇಲ್ ವಿಳಾಸ ಹಾಕಿಬಿಟ್ಟಿದ್ದ. ನೋಟೀಸು ಹೋದದ್ದು ಅವನಿಗೆ. ಅವನು ಆಗಲೇ ಊರು ಬಿಟ್ಟಿದ್ದ.

ಮೂರನೆಯದು, 9-11-2022ರ ತಾರೀಖಿನದು, ಸ್ಪೀಡ್ ಪೋಸ್ಟಿನಲ್ಲಿ 18-11-2022ಕ್ಕೆ ಮನೆಗೆ ಬಂತು. 24ರ ಒಳಗೆ ಉತ್ತರ ಕೊಡಿ ಅಂತಿತ್ತು. ಕಾಗದ ಇಟ್ಟುಕೊಂಡೆ, ಲಕೋಟೆ ಒಲೆಗೆ ಹೋಯ್ತು. ಇದು ಮೊದಲ ತಪ್ಪು. ಕಾಗದದ ಮೇಲಿನ ತಾರೀಖು ಅವರು ಬರೆದದ್ದು. ನಮ್ಮ ಕೈಗೆ ಯಾವತ್ತು ಬಂತು ಅನ್ನೋದನ್ನು ಹೇಳೋದು ಲಕೋಟೆಯ ಮೇಲಿನ ಅಂಚೆ ಮುದ್ರೆ ಮತ್ತು ಸ್ಪೀಡ್ ಪೋಸ್ಟ್ ನಂಬರು. ಹದಿನೈದು ದಿನದ ಗಡುವಿನಲ್ಲಿ ಒಂಬತ್ತು ದಿನ ದಾರಿಯಲ್ಲೇ ಕಳೆದಿತ್ತು ಅಂತ ಹೇಳಲಿಕ್ಕೆ ನನ್ನ ಹತ್ತಿರ ಆಧಾರ ಉಳಿಯಲಿಲ್ಲ.

23-11-2022ಕ್ಕೆ ತಾಲೂಕು ಪೇಟೆಯ ಇನ್ನೊಂದು ಕಂಪ್ಯೂಟರ್ ಅಂಗಡಿಗೆ ಹೋದೆ. ಮಂಡಿ ಪಟ್ಟಿ, ಪಾಸ್‌ಬುಕ್ಕು, ಪಹಣಿ ಎಲ್ಲಾ ಸ್ಕ್ಯಾನ್ ಮಾಡಿ ಹಾಕಿದರು. ‘ಆಯ್ತು ಯಜಮಾನ್ರೇ, ಹೋಯ್ತು’ ಅಂದರು. ಇನ್ನೂರು ರೂಪಾಯಿ ಕೊಟ್ಟು ಬಂದೆ. ಸ್ವೀಕೃತಿ ಕೇಳಲಿಲ್ಲ. ಇದು ಎರಡನೇ ತಪ್ಪು, ದೊಡ್ಡ ತಪ್ಪು.

21-3-2023ಕ್ಕೆ ಆದೇಶ ಬಂತು. ಅಷ್ಟರಲ್ಲಿ ಮಗ ತನ್ನ ಮೊಬೈಲ್ ನಂಬರನ್ನು ಸೇರಿಸಿದ್ದರಿಂದ ಮೂರು ದಿನದಲ್ಲಿ ಗೊತ್ತಾಯ್ತು. ‘ಯಾವ ಉತ್ತರವೂ ಬಂದಿಲ್ಲ’ ಅಂತ ಬರೆದು, ಪೂರಾ 11,40,000ವನ್ನು ಮೂಲ ತಿಳಿಯದ ಹಣ ಅಂತ ಸೇರಿಸಿದ್ದರು. ಇಂಥ ಹಣಕ್ಕೆ ಎರಡೂವರೆ ಲಕ್ಷದ ವಿನಾಯಿತಿ ಸಿಗೋದಿಲ್ಲ. ಆಗ ಮೊದಲ ರೂಪಾಯಿಯಿಂದಲೇ ನೂರಕ್ಕೆ 60 ಇತ್ತು, ಅದರ ಮೇಲೆ ಸರ್‌ಚಾರ್ಜ್, ಸೆಸ್. ಆ ವರ್ಷಕ್ಕೆ ಎಲ್ಲಾ ಸೇರಿ ನೂರಕ್ಕೆ 77 ರೂಪಾಯಿ 25 ಪೈಸೆ. ತೆರಿಗೆಯೇ 8,80,650. ಐದು ವರ್ಷದ ಬಡ್ಡಿ ಸೇರಿ ಬೇಡಿಕೆ ಎರಡು ಪಟ್ಟು ಮೀರಿತು. ನನ್ನ ಹೊಲ ಮಾರಿದರೂ ಸಾಲದು.

ಒಬ್ಬ ಆಡಿಟರ ಹತ್ತಿರ ಹೋದೆವು. ಅವರು ಖಾತೆ ತೆರೆದು ತೋರಿಸಿದರು. ನನ್ನ ಕಾಗದ ಎಲ್ಲಾ ಅಲ್ಲೇ ಕೂತಿದ್ದವು. ಆದರೆ ಕರಡಾಗಿ. ಕಾಗದ ಏರಿಸಿದ್ದರು, ಕೊನೆಗೆ ಒಪ್ಪಿಗೆಯ ಚೌಕಕ್ಕೆ ಗುರುತು ಹಾಕಿ Submit ಒತ್ತಿರಲಿಲ್ಲ.

‘ಯಜಮಾನ್ರೇ, ಸಂತೆಗೆ ಮೂಟೆ ಒಯ್ದು ಬಾಗಿಲಲ್ಲೇ ಇಳಿಸಿ ಬಂದಂಗಾಯ್ತು’ ಅಂದರು. ‘ತೂಕ ಆಗಿಲ್ಲ, ಚೀಟಿ ಇಲ್ಲ.’

ಆ ಮಾತು ನನಗೆ ಚೆನ್ನಾಗಿ ಅರ್ಥವಾಯ್ತು. ಮಂಡಿಯಲ್ಲಿ ಚೀಟಿ ಇಲ್ಲದೆ ಮೂಟೆ ಬಿಟ್ಟು ಬರುವವರು ಯಾರೂ ಇಲ್ಲ. ಇಲ್ಲಿ ಬಿಟ್ಟು ಬಂದಿದ್ದೆ. ಆ ನೋಟೀಸಿಗೆ ಉತ್ತರ ಕೊಡಲಿಲ್ಲ ಅನ್ನೋ ಕಾರಣಕ್ಕೆ ಬೇರೆಯಾಗಿ 10,000 ದಂಡವೂ ಬಿತ್ತು. ಅದನ್ನು ಕಟ್ಟಿದೆ. ವಾದ ಮಾಡಲಿಕ್ಕೆ ನನ್ನ ಕೈಲಿ ಏನೂ ಇರಲಿಲ್ಲ.

ಫೈಲು ಕಟ್ಟಿದ ಬಗೆ

ಆ ದಿನ, 24-3-2023ಕ್ಕೆ, ನಲವತ್ತು ರೂಪಾಯಿಯ ಒಂದು ರಟ್ಟಿನ ಫೈಲು ತಂದೆ. ಮೊದಲು ನೋಟೀಸು ಒಂದು ಕಡೆ, ಉತ್ತರ ಒಂದು ಕಡೆ, ಸ್ವೀಕೃತಿ ಒಂದು ಕಡೆ ಅಂತ ವಿಂಗಡಿಸಿದೆ. ಒಂದು ತಿಂಗಳಲ್ಲೇ ಯಾವ ಸ್ವೀಕೃತಿ ಯಾವ ಉತ್ತರದ್ದು ಅಂತ ತಿಳಿಯದೆ ಗೋಜಲಾಯ್ತು. ಆಮೇಲೆ ಬಿಚ್ಚಿ ತಾರೀಖಿನ ಪ್ರಕಾರ ಕಟ್ಟಿದೆ.

ಈಗ ಇರೋದು ಹೀಗೆ. ಪ್ರತಿ ನೋಟೀಸಿಗೆ ಒಂದು ನಂಬರು. ಅದರ ಹಿಂದೆಯೇ ಲಕೋಟೆ. ಅದರ ಹಿಂದೆ ನಾವು ಕೊಟ್ಟ ಉತ್ತರ, ಜೊತೆಗೆ ಹಾಕಿದ ಕಾಗದಗಳ ಪ್ರತಿ. ಅದರ ಹಿಂದೆ ಸ್ವೀಕೃತಿ. ಕೊನೆಗೆ ಪರದೆಯ ಚಿತ್ರ. ಈ ಐದೂ ಸೇರಿ ಒಂದು ಕಟ್ಟು. ಸ್ವೀಕೃತಿ ಇನ್ನೂ ಬಂದಿಲ್ಲ ಅಂದರೆ ಆ ಜಾಗದಲ್ಲಿ ಒಂದು ಕೆಂಪು ಕಾಗದ ಇಡ್ತೀನಿ. ಫೈಲು ತೆರೆದಾಗ ಕೆಂಪು ಕಂಡರೆ ಕೆಲಸ ಬಾಕಿ ಇದೆ ಅಂತ ಅರ್ಥ. ಓದು ಬರದ ನನ್ನ ಹೆಂಡತಿಯೂ ‘ಇನ್ನೂ ಕೆಂಪು ಐತಲ್ಲ’ ಅಂತ ಜ್ಞಾಪಿಸ್ತಾಳೆ.

ಮೂಲ ಕಾಗದಕ್ಕೆ ತೂತು ಹಾಕೋದಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕವರನ್ನು ದಾರಕ್ಕೆ ಪೋಣಿಸ್ತೀನಿ. ಮೂಲವನ್ನು ಯಾರ ಕೈಗೂ ಕೊಡೋದಿಲ್ಲ, ಆಡಿಟರಿಗೂ ಜೆರಾಕ್ಸೇ.

ಫೈಲಿನ ಮೊದಲ ಪುಟದಲ್ಲಿ ದಿನವಹಿ ಇದೆ. ಸಾಲ ಕೊಟ್ಟು ತಂದ ಲೆಕ್ಕ ಬರೆಯೋ ಹಾಗೆ. ನನ್ನ ದಿನವಹಿಯ ಕೆಲವು ಸಾಲು ಇಲ್ಲಿ ಕೊಡ್ತೀನಿ.

- 21-3-2023: ಆದೇಶ ಮತ್ತು ಬೇಡಿಕೆ ನೋಟೀಸು. ಕಂಡದ್ದು 24-3-2023. ಮೇಲ್ಮನವಿಗೆ ಗಡುವು 30 ದಿನ. ಕಟ್ಟು 4.
- 17-4-2023: ಮೇಲ್ಮನವಿ ಹಾಕಿದೆ. ಶುಲ್ಕ 1,000, ಚಲನ್ ಇದೆ. ಸ್ವೀಕೃತಿ ನಂಬರು ಇದೆ. ಕಟ್ಟು 5.
- 2-5-2023: ವಸೂಲಿ ತಡೆಯಿರಿ ಅಂತ ಅರ್ಜಿ. ಕಚೇರಿಯ ಟಪಾಲಿನಲ್ಲಿ ಕೊಟ್ಟೆ. ಎರಡನೇ ಪ್ರತಿಗೆ ಮೊಹರು ಹಾಕಿಸಿದೆ. ಕಟ್ಟು 6.
- 11-9-2023: ಬ್ಯಾಂಕ್ ಖಾತೆ ತಡೆದಿದ್ದಾರೆ ಅಂತ ಬ್ಯಾಂಕಿನಲ್ಲಿ ಹೇಳಿದರು. ಕಟ್ಟು 7.

ಪ್ರತಿ ಸಾಲಿನಲ್ಲಿ ಮೂರು ತಾರೀಖು ಬೇರೆ ಬೇರೆ ಬರೀಬೇಕು ಅಂತ ಆಡಿಟರು ಹೇಳಿಕೊಟ್ಟರು: ಕಾಗದದ ಮೇಲಿನದು, ನಮ್ಮ ಕೈಗೆ ಬಂದದ್ದು, ಉತ್ತರಕ್ಕೆ ಗಡುವು. ಮೇಲ್ಮನವಿಯ ಮೂವತ್ತು ದಿನವನ್ನು ಬೇಡಿಕೆ ನೋಟೀಸು ನಮಗೆ ತಲುಪಿದ ದಿನದಿಂದ ಎಣಿಸ್ತಾರೆ. ಹಾಗಂತ ಅದನ್ನೇ ನಂಬಿ ಕೂರಬಾರದು. ನಾನು ಕಾಗದದ ಮೇಲಿನ ತಾರೀಖಿನಿಂದಲೇ ಎಣಿಸಿ, ಅದಕ್ಕೂ ಮೂರು ದಿನ ಮುಂಚೆ ಹಾಕಿದೆ. ಲಕೋಟೆ ನಮ್ಮ ಕಷ್ಟಕಾಲಕ್ಕೆ.

ಈಗಿನ ನೋಟೀಸುಗಳ ಮೇಲೆ ಡಿನ್ ಅನ್ನೋ ಉದ್ದನೆಯ ನಂಬರು ಇರುತ್ತೆ. 2019ರ ಅಕ್ಟೋಬರಿನಿಂದ ಇದು ಬಂದಿದೆ. ಅದನ್ನೂ ದಿನವಹಿಯಲ್ಲಿ ಬರೀರಿ. incometax.gov.in ತಾಣದಲ್ಲಿ ಆ ನಂಬರು ಹಾಕಿ, ಕಾಗದ ಅಸಲಿಯೋ ನಕಲಿಯೋ ನೋಡಬಹುದು. ಅದಕ್ಕೆ ಪಾಸ್‌ವರ್ಡು ಬೇಡ. ‘ದಂಡ ಕಟ್ಟಿ’ ಅಂತ ಸುಳ್ಳು ನೋಟೀಸು ಮೊಬೈಲಿಗೆ ಕಳಿಸುವವರು ಇದ್ದಾರೆ. ಮೊದಲು ಇದನ್ನು ನೋಡಿ ಆಮೇಲೆ ಗಾಬರಿಯಾದರೆ ಸಾಕು.

ಯಾವುದು ಸ್ವೀಕೃತಿ, ಯಾವುದು ಅಲ್ಲ

ಕಚೇರಿಗೆ ಕೈಯಲ್ಲಿ ಕೊಟ್ಟರೆ ನಮ್ಮ ಎರಡನೇ ಪ್ರತಿಯ ಮೇಲೆ ಮೊಹರು, ತಾರೀಖು, ಸಹಿ ಮೂರೂ ಬೇಕು. ಮೊಹರು ಇದ್ದು ತಾರೀಖು ಮಸುಕಾಗಿದ್ದರೆ ಅಲ್ಲೇ ನಿಂತು ಪೆನ್ನಿನಲ್ಲಿ ಬರೆಸಿ. ಅಂಚೆಯಲ್ಲಿ ಕಳಿಸಿದರೆ ಅಂಚೆಯ ರಸೀದಿ ಒಂದೇ ಸಾಲದು. ಆ ನಂಬರನ್ನು ಅಂಚೆ ಇಲಾಖೆಯ ತಾಣದಲ್ಲಿ ಹಾಕಿ ‘ತಲುಪಿತು’ ಅಂತ ತೋರಿಸೋ ಪುಟವನ್ನು ಬೇಗ ತೆಗೆದು ಇಟ್ಟುಕೊಳ್ಳಿ. ತಡ ಮಾಡಿದರೆ ಅದು ಅಲ್ಲಿ ಸಿಗದೆ ಹೋಗಬಹುದು.

ತಾಣದಲ್ಲಿ ಉತ್ತರ ಕೊಡೋದು e-Proceedings ಅನ್ನೋ ಕಡೆ. ಅಲ್ಲಿ ಕಾಗದ ಏರಿಸಿದ್ದು ಉತ್ತರ ಅಲ್ಲ. ಕರಡಾಗಿ ಉಳಿಸಿದ್ದೂ ಉತ್ತರ ಅಲ್ಲ. Submit ಒತ್ತಿದ ಮೇಲೆ ಯಶಸ್ವಿ ಅಂತ ಒಂದು ಪುಟ ಬಂದು ಅದರಲ್ಲಿ Transaction ID ಅಂತ ನಂಬರು ಬಿದ್ದರೆ ಮಾತ್ರ ತೂಕ ಆದ ಹಾಗೆ. ಈ-ಮೇಲಿಗೂ ಒಂದು ಸಂದೇಶ ಬರುತ್ತೆ. ಆ ಪುಟ ಹೋಗೋ ಮುಂಚೆ ಚಿತ್ರ ತೆಗೀರಿ. ಆಮೇಲೆ ಒಮ್ಮೆ ಹೊರಗೆ ಬಂದು, ಮತ್ತೆ ಒಳಗೆ ಹೋಗಿ, ಕೊಟ್ಟ ಉತ್ತರವನ್ನು ತೆರೆದು ನೋಡಿ. ಎಷ್ಟು ಕಾಗದ ಹಾಕಿದ್ದಿರೋ ಅಷ್ಟೂ ಅಲ್ಲಿ ಕಾಣಬೇಕು. ಒಂದು ಕಾಗದ 5 ಎಂಬಿಗಿಂತ ದೊಡ್ಡದಾದರೆ ತಗೊಳ್ಳೋದಿಲ್ಲ. ಪಾಸ್‌ಬುಕ್ಕಿನ ಬಣ್ಣದ ಸ್ಕ್ಯಾನು ಸುಲಭವಾಗಿ ಅದನ್ನು ಮೀರುತ್ತೆ. ನನ್ನದೂ ಒಮ್ಮೆ ಹೀಗೇ ಬಿಟ್ಟುಹೋಗಿತ್ತು, ಎಣಿಸಿ ನೋಡಿದ್ದರಿಂದ ಅವತ್ತೇ ಸಿಕ್ಕಿತು.

ಪರದೆಯ ಚಿತ್ರ ತೆಗೆಯುವಾಗ

ಸ್ಕ್ರೀನ್‌ಶಾಟ್ ಅಂದರೆ ಎಲ್ಲರಿಗೂ ಗೊತ್ತು. ಆದರೆ ಬೇಕಾದಷ್ಟು ಭಾಗ ಕತ್ತರಿಸಿ ತೆಗೆದರೆ ಅದು ಯಾವ ತಾಣ, ಯಾವ ದಿನ ಅಂತ ಹೇಳೋದಿಲ್ಲ. ಕಂಪ್ಯೂಟರಿನಲ್ಲಿ ಪೂರ್ತಿ ಪರದೆಯನ್ನೇ ತೆಗೀಬೇಕು. ಮೇಲೆ ತಾಣದ ವಿಳಾಸ, ನಡುವೆ ನಮ್ಮ ಹೆಸರು, ಕೆಳಗೆ ಮೂಲೆಯಲ್ಲಿ ಕಂಪ್ಯೂಟರಿನ ತಾರೀಖು ಮತ್ತು ಗಂಟೆ, ಮೂರೂ ಒಂದೇ ಚಿತ್ರದಲ್ಲಿ ಬರಬೇಕು. ಮೊಬೈಲಿನಲ್ಲಿ ತೆಗೆದರೆ ಗಂಟೆ ಕಾಣುತ್ತೆ, ಸಾಮಾನ್ಯವಾಗಿ ತಾರೀಖು ಕಾಣೋದಿಲ್ಲ. ಹೆಚ್ಚಿನ ಮೊಬೈಲುಗಳು ಚಿತ್ರದ ಹೆಸರಿನಲ್ಲೇ ತಾರೀಖು ಹಾಕಿರುತ್ತವೆ. ಮೂಲ ಚಿತ್ರದ ಆ ಹೆಸರು ಬದಲಿಸಬೇಡಿ.

ನಕಲಿಗೆ ಮಗ ಬೇರೆ ಹೆಸರು ಕೊಡ್ತಾನೆ. ವರ್ಷ ಮೊದಲು, ಆಮೇಲೆ ತಿಂಗಳು, ದಿನ, ಗಂಟೆ. ಉದಾಹರಣೆಗೆ 20240214_1712. ಹೀಗೆ ಬರೆದರೆ ಕಂಪ್ಯೂಟರು ತಾನಾಗಿಯೇ ಸಾಲಾಗಿ ಜೋಡಿಸುತ್ತೆ. ದಿನ ಮೊದಲು ಬರೆದರೆ ಎಲ್ಲಾ ವರ್ಷದ ಒಂದನೇ ತಾರೀಖೂ ಒಟ್ಟಿಗೆ ಬಂದು ಕಲಸಿಹೋಗುತ್ತೆ.

ಅವತ್ತೇ ಆ ಚಿತ್ರವನ್ನು ನಮ್ಮದೇ ಈ-ಮೇಲಿಗೆ ಕಳಿಸಿಕೊಳ್ತೀವಿ. ಚಿತ್ರದ ತಾರೀಖನ್ನು ನಾವೇ ತಿದ್ದಿದೆವು ಅಂತ ಯಾರಾದರೂ ಅಂದರೆ, ಮೇಲ್ ಹೋದ ದಿನ ಇನ್ನೊಂದು ಕಡೆ ದಾಖಲಾಗಿರುತ್ತೆ. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳಿಸಿದರೆ ಅದು ಕುಗ್ಗಿ, ಸಣ್ಣ ಅಕ್ಷರ ಮಸುಕಾಗುತ್ತೆ. ಆಮೇಲೆ ಕಪ್ಪು-ಬಿಳುಪಿನಲ್ಲಿ ಒಂದು ಪ್ರಿಂಟು ತೆಗೆದು ಕಟ್ಟಿಗೆ ಸೇರಿಸ್ತೀವಿ. ಮೊಬೈಲು ನೀರಿಗೆ ಬಿದ್ದರೂ ಕಾಗದ ಇರುತ್ತೆ.

ಸ್ವೀಕೃತಿಯನ್ನು ಮಾತ್ರ ಅಲ್ಲ, ತಾಣ ಕೆಲಸ ಮಾಡದೆ ಹೋದದ್ದನ್ನೂ ಚಿತ್ರ ತೆಗೀಬೇಕು. ಇದರ ಬೆಲೆ ನನಗೆ 2024ರಲ್ಲಿ ಗೊತ್ತಾಯ್ತು.

ಫೈಲು ಕೈ ಹಿಡಿದ ಮೂರು ಸಂದರ್ಭ

ಮೊದಲನೆಯದು ಬ್ಯಾಂಕ್ ಖಾತೆ. 11-9-2023ಕ್ಕೆ ಹಿಂಗಾರಿಗೆ ಬೀಜ ತರಲಿಕ್ಕೆ ಹಣ ತೆಗೆಯೋಣ ಅಂತ ಹೋದರೆ ಖಾತೆ ತಡೆದಿದ್ದರು. ಮೇಲ್ಮನವಿ ಹಾಕಿದ ಮಾತ್ರಕ್ಕೆ ವಸೂಲಿ ತಾನಾಗಿ ನಿಲ್ಲೋದಿಲ್ಲ. ಬೇರೆಯಾಗಿ ತಡೆ ಕೇಳಬೇಕು. ಸಾಮಾನ್ಯವಾಗಿ ಬೇಡಿಕೆಯ ನೂರಕ್ಕೆ 20 ಕಟ್ಟಿದರೆ ಮೇಲ್ಮನವಿ ಮುಗಿಯೋವರೆಗೆ ತಡೆ ಕೊಡಬಹುದು ಅಂತ 2017ರ ಜುಲೈನಲ್ಲಿ ಹೊರಟ ಸೂಚನೆ ಇದೆ. ಅದಕ್ಕಿಂತ ಕಡಿಮೆಯನ್ನೂ ಕೇಳಬಹುದು, ಕೊಡೋದು ಮೇಲಿನವರಿಗೆ ಬಿಟ್ಟದ್ದು. ನಾನು ಮೇ 2ರಂದೇ ಕೇಳಿದ್ದೆ. ಉತ್ತರ ಬಂದಿರಲಿಲ್ಲ.

ಮರುದಿನ ಫೈಲು ಹಿಡಿದು ಕಚೇರಿಗೆ ಹೋದೆವು. ‘ನೀವು ತಡೆ ಕೇಳಿಯೇ ಇಲ್ಲವಲ್ಲ’ ಅಂದರು. ಕಟ್ಟು 6 ತೆಗೆದು ಮೊಹರು ಬಿದ್ದ ಪ್ರತಿ ಮುಂದಿಟ್ಟೆ. ಅದನ್ನು ನೋಡಿದ ಮೇಲೆ ಮಾತಿನ ಧಾಟಿ ಬದಲಾಯ್ತು. ಅವರ ಕಡತದಲ್ಲಿ ಹುಡುಕಿದರು, ಸಿಕ್ಕಿತು. ಪಹಣಿ, ಬೆಳೆ ಸಾಲದ ಬಾಕಿ ಎಲ್ಲಾ ನೋಡಿ, 60,000ವನ್ನು ತಿಂಗಳಿಗೆ 10,000ದಂತೆ ಆರು ಕಂತಿನಲ್ಲಿ ಕಟ್ಟಿ ಅಂತ ಆಯ್ತು. ಖಾತೆ ಬಿಟ್ಟರು. ಆರು ಚಲನ್ನುಗಳೂ ಫೈಲಿಗೆ ಸೇರಿದವು.

ಎರಡನೆಯದು ಮೇಲ್ಮನವಿಯ ನೋಟೀಸು. 30-1-2024ರದ್ದು, 14-2-2024ಕ್ಕೆ ಗಡುವು. ಶೇಂಗಾ ಮೂರನೇ ಪಟ್ಟಿ ಹುಡುಕುತ್ತಾ ಕೊನೇ ದಿನದವರೆಗೆ ತಳ್ಳಿದೆವು, ಅದು ನಮ್ಮದೇ ಸೋಮಾರಿತನ. ಅವತ್ತು ಸಂಜೆ ತಾಣ ತೆರೀಲೇ ಇಲ್ಲ. 4-40, 5-12, 6-05, ಮೂರು ಸಲ ಪ್ರಯತ್ನಪಟ್ಟು ಮೂರು ಸಲವೂ ಪರದೆಯ ಚಿತ್ರ ತೆಗೆದೆವು. ರಾತ್ರಿ ಸ್ವಲ್ಪ ತೆರೆದಾಗ ಪೂರ್ತಿ ಉತ್ತರ ಹಾಕಲು ಹೋಗದೆ, ಅಲ್ಲೇ ಇರೋ ಮುಂದೂಡಿಕೆಯ ಗುಂಡಿ ಒತ್ತಿ ಹದಿನೈದು ದಿನ ಕೇಳಿದೆವು. ಅದರದ್ದೂ ಚಿತ್ರ. 26-2-2024ಕ್ಕೆ ಆರು ಕಾಗದದ ಜೊತೆ ಉತ್ತರ ಹಾಕಿ ನಂಬರು ಪಡೆದೆವು.

ಆಗಸ್ಟಿನಲ್ಲಿ ಇನ್ನೊಂದು ನೋಟೀಸು ಬಂತು. ‘ಹಿಂದಿನದಕ್ಕೆ ಉತ್ತರ ಕೊಟ್ಟಿಲ್ಲ, ಕೊನೆಯ ಅವಕಾಶ’ ಅಂತ. 2022ರಲ್ಲಿ ಇದೇ ಮಾತಿಗೆ ನಾನು ಬೆವರಿದ್ದೆ. ಈ ಸಲ ಒಂದೇ ಪುಟದ ಉತ್ತರ. ‘14-2-2024ಕ್ಕೆ ತಾಣ ತೆರೆಯದಿದ್ದ ಚಿತ್ರ ಮೂರು, ಮುಂದೂಡಿಕೆ ಕೇಳಿದ ಚಿತ್ರ ಒಂದು, 26-2-2024ರ ಸ್ವೀಕೃತಿ ಒಂದು, ಅವತ್ತಿನ ಉತ್ತರದ ಪ್ರತಿ ಪೂರ್ತಿ ಲಗತ್ತಿಸಿದೆ’ ಅಂತ ಬರೆದೆವು. 18-6-2025ರ ಮೇಲ್ಮನವಿ ಆದೇಶದಲ್ಲಿ ನಮ್ಮ ಎರಡೂ ಉತ್ತರದ ತಾರೀಖು ಬರೆದಿದ್ದರು. ನಮ್ಮ ಮಾತು ಕೇಳದೆ ಮಾಡಿದ ಆದೇಶ ಅಂತ ಅದನ್ನು ತೆಗೆದು, ಹೊಸದಾಗಿ ನೋಡಿ ಅಂತ ಕೆಳಗೆ ವಾಪಸು ಕಳಿಸಿದರು. ಉತ್ತರ ಇಲ್ಲದೆ ಮಾಡಿದ ಆದೇಶಗಳನ್ನು ಹೀಗೆ ವಾಪಸು ಕಳಿಸೋ ಅಧಿಕಾರ ಈ ಹಂತದವರಿಗೆ 2024ರ ಅಕ್ಟೋಬರಿನಿಂದ ಬಂದಿದೆ ಅಂತ ಆಡಿಟರು ಹೇಳಿದರು.

ಮೂರನೆಯದೇ ಮುಖ್ಯ, ಹಣದ ಲೆಕ್ಕ. 22-9-2025ಕ್ಕೆ ಹೊಸ ನೋಟೀಸು. 6-10-2025ಕ್ಕೆ ಕೊಟ್ಟ ಉತ್ತರದ ಮೇಲೆ ಒಂದು ಹೊಂದಾಣಿಕೆ ಪಟ್ಟಿ ಇಟ್ಟೆವು. ಪಾಸ್‌ಬುಕ್ಕಿನಲ್ಲಿ ನಗದು ಕಟ್ಟಿದ ಒಂದೊಂದು ಸಾಲಿನ ಎದುರಿಗೂ, ಅದು ಯಾವುದರ ಹಣ, ಫೈಲಿನ ಎಷ್ಟನೇ ಪುಟ ಅಂತ ಬರೆದೆವು. ಈರುಳ್ಳಿಗೆ ಐದು ಪಟ್ಟಿ, ಲಾರಿ ಬಾಡಿಗೆ ಚೀಟಿ. ಶೇಂಗಾಕ್ಕೆ ಮೂರು ಪಟ್ಟಿ. ಎರಡಕ್ಕೂ ಆ ವರ್ಷದ ಪಹಣಿ, ಬೆಳೆ ಕಾಲಮ್ಮಿನಲ್ಲಿ ಈರುಳ್ಳಿ, ಶೇಂಗಾ ಇದ್ದದ್ದು. ಮೂರು ಲಕ್ಷಕ್ಕೆ ಪಾಸ್‌ಬುಕ್ಕಿನದೇ ಎರಡು ಸಾಲು. 12-5-2017ಕ್ಕೆ ತೆಗೆದದ್ದು, 29-5-2017ಕ್ಕೆ ಅಷ್ಟೇ ಹಣ ವಾಪಸು ಕಟ್ಟಿದ್ದು. ನಡುವೆ ಹದಿನೇಳೇ ದಿನ. ವರ್ಷಗಟ್ಟಲೆ ಅಂತರ ಇದ್ದಿದ್ದರೆ ಅದೇ ಹಣ ಅಂತ ಒಪ್ಪಿಸೋದು ಕಷ್ಟ ಆಗ್ತಿತ್ತು.

ಕುರಿಯ ವಿಷಯದಲ್ಲಿ ನನಗೊಂದು ಪಾಠ ಆಯ್ತು. ಕುರಿ ಸಾಕೋದೂ ಬೇಸಾಯವೇ ಅಂತ ನಾವು ತಿಳಿದಿದ್ದೀವಿ. ಆದಾಯ ತೆರಿಗೆಯ ಲೆಕ್ಕದಲ್ಲಿ ಅಲ್ಲ. ಹೊಲದ ಬೆಳೆಗೆ ಇರೋ ವಿನಾಯಿತಿ ಕುರಿ, ಹಾಲು, ಕೋಳಿಗೆ ಇಲ್ಲ. ಅದು ಬೇರೆ ಕಸುಬಿನ ಆದಾಯ. ನಾನು ‘ಎಲ್ಲಾ ಬೇಸಾಯದ್ದೇ’ ಅಂತ ಬರೆಯೋಣ ಅಂದೆ. ಆಡಿಟರು ಬೇಡ ಅಂದರು. ‘ಇದ್ದದ್ದು ಇದ್ದ ಹಾಗೆ ಬರೀರಿ. ಕುರಿಯದು ಅಂತ ತೋರಿಸಿದರೆ ಎರಡೂವರೆ ಲಕ್ಷದ ಒಳಗೆ ಬರುತ್ತೆ, ತೆರಿಗೆ ಇಲ್ಲ. ಮೂಲ ತೋರಿಸದಿದ್ದರೆ ಅದೇ 1,20,000ಕ್ಕೆ 77ರ ಲೆಕ್ಕ.’ ಅಂದರೆ 92,700 ರೂಪಾಯಿ! ಅದನ್ನು ಉಳಿಸಿದ್ದು ಸಂತೆಯ ಸುಂಕದ ಎರಡು ಸಣ್ಣ ಚೀಟಿ, ಟ್ರಂಕಿನ ತಳದಲ್ಲಿ ಮದುವೆ ಪತ್ರಿಕೆಗಳ ಮಧ್ಯೆ ಸಿಕ್ಕಿದ್ದು.

19-1-2026ಕ್ಕೆ ಆದೇಶ ಬಂತು. 10,20,000 ಪೂರ್ತಿ ಒಪ್ಪಿದರು. 1,20,000 ಕುರಿಯ ಆದಾಯ ಅಂತ ತಗೊಂಡರು. ತೆರಿಗೆ ಸೊನ್ನೆ.

ಫೈಲಿಗೂ ಒಂದು ಮಿತಿ ಇದೆ

ಫೈಲು ಇಲ್ಲದ್ದನ್ನು ಹುಟ್ಟಿಸೋದಿಲ್ಲ. ನಮ್ಮ ಪಟ್ಟಿಗಳು ಸಿಗದಿದ್ದರೆ ಎಷ್ಟು ಸ್ವೀಕೃತಿ ಇದ್ದರೂ ಆ ಹಣಕ್ಕೆ ತೆರಿಗೆ ಬೀಳ್ತಿತ್ತು. ಶೇಂಗಾದ ಮೂರನೇ ಪಟ್ಟಿಯ ಕಾರ್ಬನ್ ಅಕ್ಷರ ಮಾಸಿ ಮೊತ್ತವೇ ಕಾಣದಾಗಿತ್ತು. ಮಂಡಿಯವರು ಹಳೇ ಪುಸ್ತಕ ಇಟ್ಟಿದ್ದರಿಂದ ನಕಲು ಸಿಕ್ಕಿತು. ಎಲ್ಲಾ ಮಂಡಿಯವರೂ ಇಟ್ಟಿರೋದಿಲ್ಲ. ಅದಕ್ಕೇ ಈಗ ಪಟ್ಟಿ ಕೈಗೆ ಬಂದ ದಿನವೇ ಜೆರಾಕ್ಸ್. ಎಟಿಎಂ ಚೀಟಿ, ತೂಕದ ಮನೆಯ ಚೀಟಿ ನುಣುಪು ಕಾಗದದಲ್ಲಿ ಬರುತ್ತಲ್ಲ, ಅದರ ಅಕ್ಷರ ಒಂದೆರಡು ಬೇಸಿಗೆಯಲ್ಲೇ ಮಾಯ. ಅದರದ್ದೂ ಜೆರಾಕ್ಸ್ ಬೇಕು. ಫೈಲು ಇಡೋದು ತಗಡಿನ ಟ್ರಂಕಿನಲ್ಲಿ, ನೆಲಕ್ಕೆ ತಾಗದ ಹಾಗೆ ಎರಡು ಇಟ್ಟಿಗೆಯ ಮೇಲೆ. ನಮ್ಮ ಕಡೆ ಗೆದ್ದಲು ತೆರಿಗೆಯವರಿಗಿಂತ ಬೇಗ ಬರುತ್ತೆ.

ಇನ್ನೊಂದು. ನೋಟೀಸು ಬರೋ ಈ-ಮೇಲೂ ಮೊಬೈಲೂ ನಮ್ಮ ಮನೆಯದೇ ಇರಲಿ. ಅಂಗಡಿಯವರದು ಹಾಕಿದ್ದರೆ ಇವತ್ತೇ ಬದಲಿಸಿ. ತಕರಾರು ಇರೋವರೆಗೆ ಪ್ರತಿ ಸೋಮವಾರ ಮಗ ತಾಣ ತೆರೆದು ನೋಡ್ತಾನೆ. ಏನೂ ಇಲ್ಲದಿದ್ದರೂ ದಿನವಹಿಯಲ್ಲಿ ‘ನೋಡಿದೆ, ಇಲ್ಲ’ ಅಂತ ಬರೀತಾನೆ.

1-4-2026ರಿಂದ ಆದಾಯ ತೆರಿಗೆಗೆ ಹೊಸ ಕಾಯಿದೆ ಬಂದಿದೆ, ಕಲಮುಗಳ ನಂಬರು ಬೇರೆ. ನನ್ನಂಥ ಹಳೇ ವರ್ಷದ ತಕರಾರುಗಳು ಹಳೇ ಕಾಯಿದೆಯಲ್ಲೇ ನಡೆಯುತ್ತವೆ. ಅದಕ್ಕೆ ನಾನು ಇಲ್ಲಿ ಕಲಮುಗಳನ್ನು ಬರೆದಿಲ್ಲ. ಕಲಮು ಯಾವುದೇ ಇರಲಿ, ಕಟ್ಟು ಕಟ್ಟೋ ಕ್ರಮ ಒಂದೇ.

ಆದೇಶ ಬಂದಾಯ್ತು, ಆದರೆ ನನ್ನ ಫೈಲು ಇನ್ನೂ ಮುಚ್ಚಿಲ್ಲ. ಕಂತಿನಲ್ಲಿ ಕಟ್ಟಿದ 60,000 ಬಡ್ಡಿ ಸಮೇತ ವಾಪಸು ಬರಬೇಕು. ಆರು ಚಲನ್ನಿನ ನಂಬರು ಬರೆದು ಅರ್ಜಿ ಕೊಟ್ಟಿದ್ದೀನಿ, ಎರಡನೇ ಪ್ರತಿಗೆ ಮೊಹರು ಹಾಕಿಸಿದ್ದೀನಿ. ಹಣ ಖಾತೆಗೆ ಬೀಳೋವರೆಗೆ ಅದರ ಹಿಂದೆ ಕೆಂಪು ಕಾಗದ ಇದ್ದೇ ಇರುತ್ತೆ.